ಎರಡೂ ಊರಿಗೆ ಸರಾಸರಿ 3.6: ಲಿಕರ್ಟ್ ಅಂಕಗಳನ್ನು ಇಂಟರ್ವಲ್ ಎಂದು ಎಣಿಸಬಹುದೇ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ, ಕಾರವಾರ):
ಬೇಸಗೆಯಲ್ಲಿ ನಳದ ನೀರಿನ ಪೂರೈಕೆ ಎಷ್ಟು ತೃಪ್ತಿ ತಂದಿದೆ ಎಂದು ಶಿರಸಿ ಕಡೆಯ ಒಂದು ಊರಿನಲ್ಲಿ 40 ಮನೆ, ಕಾರವಾರ ಕಡೆಯ ಒಂದು ಊರಿನಲ್ಲಿ 40 ಮನೆ ಕೇಳಿದ್ದೇನೆ. 1 ಎಂದರೆ ತೀರಾ ಅತೃಪ್ತಿ, 5 ಎಂದರೆ ಪೂರ್ಣ ತೃಪ್ತಿ. ಘಟ್ಟದ ಮೇಲಿನ ಊರಿನಲ್ಲಿ 1ರಿಂದ 5ರವರೆಗೆ ಕ್ರಮವಾಗಿ 8, 4, 4, 4, 20 ಮನೆಗಳು. ಕರಾವಳಿಯ ಊರಿನಲ್ಲಿ 0, 2, 16, 18, 4. ಎರಡರ ಸರಾಸರಿಯೂ 3.6 ಬಂತು. ಟಿ-ಟೆಸ್ಟ್ ಪ್ರಕಾರ ವ್ಯತ್ಯಾಸವಿಲ್ಲ ಎಂದು ಬರೆದೆ, ಮಾರ್ಗದರ್ಶಕರು ಒಪ್ಪಿದರು. ಪರೀಕ್ಷಕರೊಬ್ಬರು ಮಾತ್ರ ಲಿಕರ್ಟ್ ಅಂಕಗಳು ಆರ್ಡಿನಲ್, ಅಂದರೆ ಕ್ರಮವನ್ನಷ್ಟೇ ತೋರಿಸುತ್ತವೆ, ಸಮಾನ ಅಂತರವಿರುವ ಇಂಟರ್ವಲ್ ಅಲ್ಲ, ಸರಾಸರಿ ತೆಗೆಯುವಂತಿಲ್ಲ ಎಂದು ಹಿಂದಿರುಗಿಸಿದ್ದಾರೆ. ಯಾರ ಮಾತು ಸರಿ?

ಉಪನ್ಯಾಸಕರು, ಹೊನ್ನಾವರ:
ಪರೀಕ್ಷಕರ ಮಾತೇ ಸರಿ. 1946ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀವನ್ಸ್ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗಲೇ ಈ ವಿಷಯ ತೀರ್ಮಾನವಾಗಿದೆ. 4 ಎಂಬುದು 3ಕ್ಕಿಂತ ಮೇಲೆ ಎಂದಷ್ಟೇ ನಮಗೆ ಗೊತ್ತು. ಎಷ್ಟು ಮೇಲೆ ಎಂದು ಗೊತ್ತಿಲ್ಲ. ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನು ಕೊಡಿ, ಟಿ-ಟೆಸ್ಟ್ ಬದಲು ಮಾನ್-ವಿಟ್ನಿ ಮಾಡಿ. ಅಲ್ಲಿಗೆ ಆಕ್ಷೇಪಣೆ ಮುಗಿಯುತ್ತದೆ.

ಸಹಕಾರಿ ಸಂಘದ ಸಿಬ್ಬಂದಿ, ಕುಮಟಾ:
ನಮ್ಮ ಸಂಘದಲ್ಲಿಯೂ ಸದಸ್ಯರ ಅಭಿಪ್ರಾಯ ಕೇಳುವಾಗ ಇದೇ ತೊಂದರೆಯಾಗುತ್ತಿತ್ತು. ಬಹಳ ಜನ ಯೋಚಿಸದೆ ನಡುವಿನ 3ಕ್ಕೆ ಗುರುತು ಹಾಕುತ್ತಿದ್ದರು. ಆ ನಡುವಿನ ಆಯ್ಕೆಯನ್ನೇ ತೆಗೆದು ನಾಲ್ಕು ಆಯ್ಕೆ ಇಟ್ಟ ಮೇಲೆ ಉತ್ತರಗಳು ಸ್ಪಷ್ಟವಾದವು. ನೀವೂ 3 ಎಂದವರನ್ನು ಬಿಟ್ಟು ಲೆಕ್ಕ ಮಾಡಿದರೆ ಆಗುವುದಿಲ್ಲವೇ?

ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ, ಶಿರಸಿ:
ಕುಮಟಾದವರೇ, ನಡುವಿನ ಆಯ್ಕೆ ಇರಬೇಕೇ ಬೇಡವೇ ಎಂಬುದು ಪ್ರಶ್ನಾವಳಿ ಮಾಡುವಾಗ ನಿರ್ಧರಿಸುವ ಸಂಗತಿ. ಕೇಳಿ ಮುಗಿದ ಮೇಲೆ 3 ಎಂದವರನ್ನು ಕೈಬಿಟ್ಟರೆ ಕರಾವಳಿಯ ಊರಿನ 40ರಲ್ಲಿ 16 ಮನೆಗಳು ಮಾಯವಾಗುತ್ತವೆ, ಘಟ್ಟದ ಮೇಲೆ 4 ಮಾತ್ರ ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಮುಖ್ಯ ವಿಷಯ. ಆರ್ಡಿನಲ್ಲೋ ಇಂಟರ್ವಲ್ಲೋ ಎಂದು ಹೆಸರಿನ ಮೇಲೆ ವಾದ ಮಾಡುವ ಬದಲು, ನೀವು ಬರೆದ ತೀರ್ಮಾನ ಅಂಕಗಳ ನಡುವಿನ ಅಂತರವನ್ನು ಎಷ್ಟು ನೆಚ್ಚಿಕೊಂಡಿದೆ ಎಂದು ಪರೀಕ್ಷಿಸಿ. 1, 2, 3, 4, 5 ಎಂದು ಬರೆದಾಗ ಮೆಟ್ಟಿಲುಗಳೆಲ್ಲ ಒಂದೇ ಎತ್ತರ ಎಂದು ನಾವೇ ಇಟ್ಟುಕೊಂಡೆವು. ಉತ್ತರಿಸಿದವರು ಹಾಗೆ ಹೇಳಿಲ್ಲ. ಕೊನೆಯ ಮೆಟ್ಟಿಲು ಸ್ವಲ್ಪ ಎತ್ತರವಿದೆ ಎಂದುಕೊಂಡು 5ರ ಬದಲು 6 ಹಾಕಿ ನೋಡಿ. ಘಟ್ಟದ ಮೇಲಿನ ಊರಿನ ಮೊತ್ತ 144ರಿಂದ 164ಕ್ಕೆ ಏರಿ ಸರಾಸರಿ 4.1 ಆಗುತ್ತದೆ, ಕರಾವಳಿಯದು 3.7 ಆಗುತ್ತದೆ. ಘಟ್ಟದವರೇ ಹೆಚ್ಚು ತೃಪ್ತರು ಎಂದಾಯಿತು. ಇನ್ನು 5ನ್ನು ಇದ್ದಂತೆ ಬಿಟ್ಟು, ಮೊದಲ ಮೆಟ್ಟಿಲು ಆಳವಾಗಿದೆ ಎಂದುಕೊಂಡು 1ರ ಬದಲು 0 ಹಾಕಿ. ಆಗ ಘಟ್ಟದ ಮೇಲೆ 3.4, ಕರಾವಳಿಯಲ್ಲಿ 3.6, ಕರಾವಳಿಯವರೇ ಮುಂದೆ ಬಂದರು. ಮೂರು ಬಗೆಯ ಅಂಕಗಳಲ್ಲಿಯೂ ಉತ್ತರಗಳ ಕ್ರಮ ಒಂದೇ, ಆದರೆ ತೀರ್ಮಾನ ಮೂರು ಬಗೆ. ನಿಮ್ಮ "ವ್ಯತ್ಯಾಸವಿಲ್ಲ" ಎಂಬುದು ಸಮಾನ ಅಂತರದ ಊಹೆಯಿಂದಲೇ ಹುಟ್ಟಿದ ಮಾತು, ಆದ್ದರಿಂದ ಈ ಪ್ರಶ್ನೆಯಲ್ಲಿ ಈ ಅಂಕಗಳನ್ನು ಇಂಟರ್ವಲ್ ಎಂದು ಎಣಿಸುವುದು ತಪ್ಪು.

ಎಲ್ಲ ಪ್ರಶ್ನೆಗಳಲ್ಲಿಯೂ ಹೀಗಾಗುವುದಿಲ್ಲ. ಯಾವಾಗ ಆಗುತ್ತದೆ ಎಂದು ತಿಳಿಯಲು ಕೆಳಗಿನಿಂದ ಕೂಡಿಸುತ್ತ ಹೋಗಬೇಕು. ಘಟ್ಟದ ಮೇಲೆ 1 ಅಥವಾ ಅದಕ್ಕಿಂತ ಕೆಳಗೆ 8 ಮನೆ, 2ರವರೆಗೆ 12, 3ರವರೆಗೆ 16, 4ರವರೆಗೆ 20. ಕರಾವಳಿಯಲ್ಲಿ ಅದೇ ಸಾಲು 0, 2, 18, 36. ಮೊದಲೆರಡು ಕಡೆ ಘಟ್ಟದ ಎಣಿಕೆ ಹೆಚ್ಚು, ನಂತರದ ಎರಡು ಕಡೆ ಕರಾವಳಿಯದು ಹೆಚ್ಚು. ಸಾಲುಗಳು ಒಂದನ್ನೊಂದು ದಾಟಿವೆ. ಹೀಗೆ ದಾಟಿದರೆ ಮೆಟ್ಟಿಲುಗಳ ಎತ್ತರವನ್ನು ಬದಲಿಸಿ ಯಾವ ಊರನ್ನಾದರೂ ಮುಂದೆ ತರಬಹುದು. ದಾಟದಿದ್ದರೆ, ಕ್ರಮ ಕೆಡದಂತೆ ನೀವು ಯಾವ ಅಂಕಗಳನ್ನು ಕೊಟ್ಟರೂ ಮುಂದಿರುವ ಊರೇ ಮುಂದಿರುತ್ತದೆ. ಆಗ ಸರಾಸರಿಯಿಂದ "ಯಾರು ಮೇಲೆ" ಎಂದು ಹೇಳುವುದರಲ್ಲಿ ಅಪಾಯವಿಲ್ಲ. ಎಷ್ಟು ಮೇಲೆ ಎಂಬುದನ್ನು ಮಾತ್ರ ಆಗಲೂ ಹೇಳಲಾಗದು.

ನೀವು ಆರ್ ಬಳಸುವುದಾದರೆ ಇಷ್ಟು ಸಾಕು:

```
t <- prop.table(table(d$uttara, d$uru), 2)
apply(t, 2, cumsum)
```

ಈ ಕೋಷ್ಟಕಕ್ಕೂ ಮೊದಲೇ ಒಂದು ಸುಳಿವು ನಿಮ್ಮ ಕೈಯಲ್ಲಿತ್ತು. ಘಟ್ಟದ ಮೇಲೆ ಮಾನಕ ವಿಚಲನೆ 1.65, ಕರಾವಳಿಯಲ್ಲಿ 0.74. ಸರಾಸರಿ ಒಂದೇ ಇದ್ದು ಹರಡುವಿಕೆ ಹೀಗೆ ಇಮ್ಮಡಿಗಿಂತ ಹೆಚ್ಚಾಗಿದ್ದರೆ ಅಲ್ಲಿಯೇ ನಿಂತು ಎಣಿಕೆಗಳನ್ನು ನೋಡಬೇಕು. ಅರ್ಧ ಊರು ಪೂರ್ಣ ತೃಪ್ತಿ ಎನ್ನುತ್ತಿದೆ, ಐದರಲ್ಲೊಂದು ಮನೆ ತೀರಾ ಅತೃಪ್ತಿ ಎನ್ನುತ್ತಿದೆ. ನಮ್ಮ ಕಡೆ ಮನೆಗಳು ಗುಡ್ಡದ ಇಳಿಜಾರಿನಲ್ಲಿ ಚದುರಿರುತ್ತವೆ, ಟ್ಯಾಂಕಿಗಿಂತ ಕೆಳಗಿನ ಮನೆಗೆ ನೀರು ತಾನಾಗಿ ಇಳಿಯುತ್ತದೆ, ಮೇಲಿನ ಮನೆಯ ನಳದಲ್ಲಿ ಏಪ್ರಿಲ್ ಹೊತ್ತಿಗೆ ಗಾಳಿ ಮಾತ್ರ ಬರುತ್ತದೆ. ನಿಮ್ಮ ಪ್ರಬಂಧ ಹೇಳಬೇಕಾದ ಸಂಗತಿ ಅದೇ ಇರಬಹುದು, 3.6 ಎಂಬ ಅಂಕಿ ಅದನ್ನು ಮುಚ್ಚಿಬಿಟ್ಟಿದೆ.

ಹೊನ್ನಾವರದ ಸರ್ ಅವರ ಕಾರಣ ಸರಿಯಾಗಿದೆ, ಪರಿಹಾರವನ್ನು ನಾನು ಒಪ್ಪಲಾರೆ. ಘಟ್ಟದ ಊರಿನ ಮಧ್ಯಾಂಕ ತೆಗೆಯಿರಿ: 20ನೆಯ ಮನೆ 4, 21ನೆಯದು 5, ಆದ್ದರಿಂದ 4.5 ಎಂದು ಬರೆಯಬೇಕಾಗುತ್ತದೆ. ಸರಾಸರಿ ಬೇಡ ಎಂದು ಬಂದವರು ಅಲ್ಲಿಯೇ 4 ಮತ್ತು 5ರ ಸರಾಸರಿ ತೆಗೆದಂತಾಯಿತು. ಮಾನ್-ವಿಟ್ನಿ ಕ್ರಮವನ್ನು ಮಾತ್ರ ನೋಡುತ್ತದೆ ಎಂಬುದು ನಿಜ. ಘಟ್ಟದ ಒಂದು ಮನೆ, ಕರಾವಳಿಯ ಒಂದು ಮನೆ ಎಂದು ಜೋಡಿ ಮಾಡಿದರೆ 1600 ಜೋಡಿಗಳಾಗುತ್ತವೆ. ಸಮ ಬಂದವನ್ನು ಅರ್ಧರ್ಧ ಹಂಚಿದರೆ 912ರಲ್ಲಿ, ಅಂದರೆ ನೂರಕ್ಕೆ 57ರಲ್ಲಿ, ಘಟ್ಟದ ಮನೆ ಮುಂದಿದೆ. ಇದು ಪ್ರಾಮಾಣಿಕವಾದ ಅಂಕಿ, ಆದರೆ ತೀರಾ ಅತೃಪ್ತಿ ಎಂದ ಆ 8 ಮನೆಗಳು ಇದರಲ್ಲಿಯೂ ಕಾಣುವುದಿಲ್ಲ. ಒಂದೇ ಅಂಕಿಯಲ್ಲಿ ಇಡೀ ಊರನ್ನು ಹಿಡಿಯಲು ಹೋದದ್ದೇ ತೊಡಕು. ಎಣಿಕೆಯ ಕೋಷ್ಟಕವನ್ನು ಪ್ರಬಂಧದ ಮುಖ್ಯ ಭಾಗದಲ್ಲಿಯೇ ಕೊಡಿ. ಮಾದರಿ ಬೇಕೇ ಬೇಕು ಎಂದಾದರೆ ಆರ್‌ನ `ordinal` ಪ್ಯಾಕೇಜಿನಲ್ಲಿ `clm` ಬಳಸಿ, ಅದರಲ್ಲಿ `scale = ~ uru` ಎಂದೂ ಸೇರಿಸಿ. ಅದಿಲ್ಲದಿದ್ದರೆ ಎರಡೂ ಊರಿನ ಹರಡುವಿಕೆ ಒಂದೇ ಎಂದು ಮಾದರಿ ಊಹಿಸಿಕೊಳ್ಳುತ್ತದೆ.

ವಿದ್ಯಾರ್ಥಿನಿ:
ಧನ್ಯವಾದ ಮೇಡಂ. ನೀರಿನ ಬಗ್ಗೆ ಒಟ್ಟು 8 ಹೇಳಿಕೆಗಳಿದ್ದವು. ಇದು ಅವುಗಳಲ್ಲಿ ಒಂದು. ಎಂಟನ್ನೂ ಕೂಡಿಸಿದರೆ ಕ್ರಾನ್‌ಬಾಕ್ ಆಲ್ಫಾ 0.81 ಬರುತ್ತದೆ. ಹಾಗಿದ್ದರೆ ಆ ಮೊತ್ತವನ್ನು ಇಂಟರ್ವಲ್ ಎನ್ನಬಹುದಲ್ಲವೇ?

ಅಧ್ಯಾಪಕಿ, ಶಿರಸಿ:
ಆಲ್ಫಾದಿಂದ ಅದು ಸಿದ್ಧವಾಗುವುದಿಲ್ಲ. ಆಲ್ಫಾವನ್ನು ಲೆಕ್ಕ ಹಾಕುವಾಗಲೇ ಅಂಕಗಳನ್ನು ಸಮಾನ ಅಂತರದವು ಎಂದು ಹಿಡಿದಿರುತ್ತೇವೆ, ಹಾಗೆ ಬಂದ ಅಂಕಿಯನ್ನೇ ಸಮಾನ ಅಂತರಕ್ಕೆ ಸಾಕ್ಷಿಯಾಗಿ ಕೊಡಲಾಗದು. ಹೇಳಿಕೆಗಳು ಒಂದರೊಡನೊಂದು ಹೊಂದಿಕೊಂಡು ಏರಿಳಿಯುತ್ತವೆ ಎಂದಷ್ಟೇ ಅದು ಹೇಳುತ್ತದೆ.

ಆದರೂ ಮೊತ್ತದ ಬಗ್ಗೆ ನನ್ನ ನಿಲುವು ಬೇರೆ. ಲಿಕರ್ಟ್ 1932ರಲ್ಲಿ ಮುಂದಿಟ್ಟದ್ದು ಹಲವು ಹೇಳಿಕೆಗಳನ್ನು ಕೂಡಿಸುವ ವಿಧಾನವನ್ನೇ, ಒಂಟಿ ಪ್ರಶ್ನೆಯನ್ನಲ್ಲ. ಉತ್ತರಗಳ ಹಂಚಿಕೆಯಿಂದ ಅಂತರಗಳನ್ನು ಲೆಕ್ಕ ಹಾಕಿ ಅಂಕ ಕೊಡುವ ಕಷ್ಟದ ದಾರಿಯನ್ನೂ, ಸುಮ್ಮನೆ 1ರಿಂದ 5 ಕೊಡುವ ದಾರಿಯನ್ನೂ ಅವರು ಹೋಲಿಸಿದರು. ಎರಡರ ಮೊತ್ತಗಳು ಬಹುತೇಕ ಒಂದೇ ಸಾಲಿನಲ್ಲಿ ನಿಂತವು. ಎಂಟು ಹೇಳಿಕೆಗಳಲ್ಲಿ ಒಂದರ ಮೆಟ್ಟಿಲು ಒಂದು ಕಡೆ, ಇನ್ನೊಂದರದು ಇನ್ನೊಂದು ಕಡೆ ಓರೆಯಾಗಿದ್ದರೆ ಮೊತ್ತದಲ್ಲಿ ಆ ಓರೆ ಸಾಕಷ್ಟು ಕರಗುತ್ತದೆ. ಎಲ್ಲವೂ ಒಂದೇ ಕಡೆಗೆ ಓರೆಯಾಗಿದ್ದರೆ ಕರಗುವುದಿಲ್ಲ, ಬಹಳ ಮನೆಗಳು 40ರ ಹತ್ತಿರ ಒತ್ತರಿಸಿ ನಿಂತಿದ್ದರೂ ಕರಗುವುದಿಲ್ಲ. ಆದ್ದರಿಂದ ಎಂಟಕ್ಕೂ ಒಮ್ಮೆ 5ರ ಬದಲು 6, ಇನ್ನೊಮ್ಮೆ 1ರ ಬದಲು 0 ಹಾಕಿ ಮೊತ್ತ ತೆಗೆದು, ಎರಡೂ ಸಲ ಅದೇ ತೀರ್ಮಾನ ಬರುತ್ತದೆಯೇ ನೋಡಿ. ಬಂದರೆ ಸರಾಸರಿ, ಟಿ-ಟೆಸ್ಟ್ ಎಲ್ಲವನ್ನೂ ಧೈರ್ಯವಾಗಿ ಬಳಸಿ, ಹೀಗೆ ಪರೀಕ್ಷಿಸಿದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ನೀರಿನ ದರದ ಬಗ್ಗೆ ಹೇಳಿಕೆ ಇದ್ದರೆ ಅದನ್ನು ಹೊರಗಿಡುವುದನ್ನು ಯೋಚಿಸಿ. ನೀರು ಸಾಕಾಗುವುದು ಒಂದು ಮಾತು, ದರ ಹೆಚ್ಚೆನಿಸುವುದು ಬೇರೊಂದು ಮಾತು.

ಉಪನ್ಯಾಸಕರು, ಹೊನ್ನಾವರ:
ಮಧ್ಯಾಂಕದ ವಿಷಯವನ್ನು ಒಪ್ಪುತ್ತೇನೆ, ಅದನ್ನು ಗಮನಿಸಿರಲಿಲ್ಲ. ಮೊತ್ತದ ವಿಷಯವನ್ನು ಒಪ್ಪಲಾರೆ. ಎರಡು ಬಗೆಯ ಅಂಕ ಹಾಕಿ ನೋಡಿದಿರಿ, ಮೂರನೆಯ ಬಗೆಯಲ್ಲಿ ತೀರ್ಮಾನ ತಿರುಗಬಹುದಲ್ಲ? ಆರ್ಡಿನಲ್ ಆದವುಗಳನ್ನು ಎಷ್ಟು ಕೂಡಿಸಿದರೂ ಇಂಟರ್ವಲ್ ಆಗುವ ಹಾದಿ ನನಗೆ ಕಾಣುತ್ತಿಲ್ಲ.

ಅಧ್ಯಾಪಕಿ, ಶಿರಸಿ:
ಆಗುತ್ತದೆ ಎಂದು ಈ ಅಂಕಿಗಳಿಂದ ಸಾಧಿಸಲಾಗದು, ಅದನ್ನು ನಾನೂ ಒಪ್ಪುತ್ತೇನೆ. ಸ್ಟೀವನ್ಸ್ ಕೂಡ ಅದೇ 1946ರ ಲೇಖನದಲ್ಲಿ, ನಿಯಮ ಮೀರಿ ಸರಾಸರಿ ತೆಗೆದಾಗಲೂ ಎಷ್ಟೋ ಸಲ ಉಪಯುಕ್ತ ಫಲ ದೊರೆಯುತ್ತದೆ ಎಂದು ಬರೆದಿದ್ದಾರೆ. ಎಷ್ಟು ಬಗೆಯ ಅಂಕಗಳಿಗೆ ತಡೆದರೆ ಸಾಕು ಎಂಬುದರಲ್ಲಿ ನೀವು ನನಗಿಂತ ಬಿಗಿ, ಅಷ್ಟೇ ವ್ಯತ್ಯಾಸ.

ವಿದ್ಯಾರ್ಥಿನಿಯವರಿಗೆ ಒಂದು ಪ್ರಶ್ನೆ: ಹಾಳೆಯ ಮೇಲೆ ಗುರುತು ಹಾಕಿದವರು ಮನೆಯವರೋ ನೀವೋ? ನಮ್ಮ ಜಿಲ್ಲೆಯಲ್ಲಿ "ನೀರು ಹೇಗೆ ಬರುತ್ತದೆ" ಎಂದು ಕೇಳಿದರೆ ಬರುವ ಉತ್ತರ "ಅಡ್ಡಿಲ್ಲ". ಅದು 3ರ ಮನೆಗೂ ಹೋಗಬಹುದು, 4ರ ಮನೆಗೂ ಹೋಗಬಹುದು.

ವಿದ್ಯಾರ್ಥಿನಿ:
ಹಾಳೆಗಳನ್ನು ತೆಗೆದು ನೋಡಿದೆ. ಗುರುತು ಹಾಕಿದ್ದು ನಾವೇ. ಕರಾವಳಿಯ ಊರಿನಲ್ಲಿ ನಾನು, ಘಟ್ಟದ ಮೇಲೆ ನನ್ನ ಸಹಪಾಠಿ. ನಾನು 3 ಹಾಕಿದ 16 ಹಾಳೆಗಳಲ್ಲಿ 9ರ ಅಂಚಿನಲ್ಲಿ "ಅಡ್ಡಿಲ್ಲ" ಎಂದು ನಾನೇ ಬರೆದುಕೊಂಡಿದ್ದೇನೆ. ಸಹಪಾಠಿಯನ್ನು ಕೇಳಿದರೆ, ಆ ಮಾತು ಬಂದಾಗಲೆಲ್ಲ 4 ಹಾಕಿದ್ದಾಗಿ ಹೇಳಿದಳು, ಆದರೆ ಎಷ್ಟು ಮನೆಗಳಲ್ಲಿ ಬಂತು ಎಂದು ಬರೆದಿಟ್ಟಿಲ್ಲ. ನನ್ನ 9 ಮನೆಗಳನ್ನು 4ಕ್ಕೆ ಸರಿಸಿದರೆ ಕರಾವಳಿಯ ಸಾಲು 0, 2, 9, 36 ಆಗುತ್ತದೆ, ಸರಾಸರಿ 3.8 ದಾಟುತ್ತದೆ. ಘಟ್ಟದ 8, 12, 16, 20ರೊಡನೆ ಇಟ್ಟರೆ ಆಗಲೂ ಸಾಲುಗಳು ದಾಟುತ್ತವೆ. ತೀರಾ ಅತೃಪ್ತಿ ಎಂದ 8 ಮನೆಗಳಲ್ಲಿ 6 ಟ್ಯಾಂಕಿಗಿಂತ ಮೇಲಿನ ಕೇರಿಯವು. ಉಳಿದ ಎರಡು ಕೆಳಗಿನ ಕೇರಿಯಲ್ಲಿಯೇ ಇವೆ. ಅಲ್ಲಿ ಕಾರಣವೇನೆಂದು ಹಾಳೆಯಲ್ಲಿ ಬರೆದಿಲ್ಲ, ಇನ್ನೊಮ್ಮೆ ಹೋಗಿ ಕೇಳಬೇಕು.