ಪದಚರ್ಚೆ: 'ಪ್ರೆಸಿ'ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಸುಮಾ:
ಗೆಳೆಯರೇ, ಒಂದು ಅಭ್ಯಾಸ ಪುಸ್ತಕ ಇವತ್ತು ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ 'ಪ್ರೆಸಿ' ಅಂತ ಒಂದು ಪಾಠ. ಕೊಟ್ಟ ಗದ್ಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯಬೇಕು. ನಾನು 'ಸಾರಾಂಶ' ಅಂತ ಹಾಕಿದ್ದೆ, ಕರಡು ತಿದ್ದುವವರು ಗೀಟು ಹೊಡೆದು ವಾಪಸ್ ಕಳಿಸಿದ್ದಾರೆ. ಕಾರಣ ಬರೆದಿಲ್ಲ. ಜೊತೆಗೆ ಮಾದರಿಯನ್ನೂ ಒಮ್ಮೆ ನೋಡಿ.

ಮೂಲ, 36 ಪದ: "ಮರ ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಳೆಗಿಂತ ಮೊದಲು ಹಾಳಾಗುವುದು ಮಣ್ಣು. ಬೇರುಗಳು ಮಣ್ಣನ್ನು ಹಿಡಿದಿಟ್ಟುಕೊಂಡಿರುತ್ತವೆ. ಬೇರು ಹೋದರೆ ಮೊದಲ ಜೋರು ಮಳೆಗೇ ಮೇಲ್ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಆ ಮಣ್ಣು ಕೆರೆ, ಹೊಳೆ ಸೇರಿ ಹೂಳಾಗುತ್ತದೆ. ಮುಂದೆ ಮಳೆ ಬಂದರೂ ಅಲ್ಲಿ ಹೆಚ್ಚು ನೀರು ನಿಲ್ಲುವುದಿಲ್ಲ."

ಉತ್ತರ, 12 ಪದ: "ಮರ ಕಡಿದರೆ ಮಳೆಗಿಂತ ಮೊದಲು ಮಣ್ಣು ಹಾಳಾಗುತ್ತದೆ, ಕೊಚ್ಚಿಹೋದ ಮೇಲ್ಮಣ್ಣು ಕೆರೆಹೊಳೆಗಳಲ್ಲಿ ಹೂಳಾಗಿ ನೀರು ನಿಲ್ಲುವುದಿಲ್ಲ."

ನಾಗರಾಜ:
ತಿದ್ದಿದವರು ಸರಿಯಾಗೇ ಮಾಡಿದ್ದಾರೆ. 'ಪದ್ಯದ ಸಾರಾಂಶ ಬರೆಯಿರಿ' ಅಂದರೆ ಮಕ್ಕಳು ನಾಲ್ಕು ಸಾಲಿಗೆ ಒಂದು ಪುಟ ಬರೆಯುತ್ತಾರೆ. ಅದು ಹಿಗ್ಗಿಸುವ ಕೆಲಸ, ನಿಮಗೆ ಬೇಕಿರುವುದು ಕುಗ್ಗಿಸುವುದು. 'ಅಡಕಬರಹ' ಅನ್ನಿ. 'ಸಂಕ್ಷೇಪ' ಅಂತ ಯಾರಾದರೂ ಹೇಳುತ್ತಾರೆ ಈಗ, ಕೇಳಬೇಡಿ. ನಮ್ಮ ಮನೆಯಲ್ಲೇ ಪದ ಇರುವಾಗ ಸಾಲ ಯಾಕೆ?

ಕೇಶವ:
ನಾನೇ ಹೇಳುತ್ತೇನೆ, 'ಸಂಕ್ಷೇಪ'. ಓದುವವರಿಗೆ ತಕ್ಷಣ ಗೊತ್ತಾಗುತ್ತೆ, ಅಷ್ಟು ಸಾಕು. 'ಪ್ರೆಸಿ'ಯ ಲ್ಯಾಟಿನ್ ಬೇರಿನಲ್ಲೂ ಇರುವುದು ಕತ್ತರಿಸುವುದು ಅನ್ನೋ ಅರ್ಥ, ಅಡಕುವುದಲ್ಲ.

ಸುಮಾ ಅವರೇ, ಹೆಸರಿಗಿಂತ ದೊಡ್ಡ ತೊಂದರೆ ಎಣಿಕೆಯಲ್ಲಿದೆ. ಮೂಲದಲ್ಲಿ 'ಕೆರೆ, ಹೊಳೆ' ಎರಡು ಪದ, ಉತ್ತರದಲ್ಲಿ 'ಕೆರೆಹೊಳೆಗಳಲ್ಲಿ' ಒಂದೇ. ಅಲ್ಲಿ 'ಕೊಚ್ಚಿಕೊಂಡು ಹೋಗುತ್ತದೆ' ಎರಡು, ಇಲ್ಲಿ 'ಕೊಚ್ಚಿಹೋದ' ಒಂದು. ಬಿಡಿಸಿ ಬರೆದರೆ ನಿಮ್ಮ 12 ಪದ 14 ಆಗುತ್ತೆ. ಒಂದಕ್ಷರವನ್ನೂ ಕಡಿಮೆ ಮಾಡದೆ, ಜಾಗ ಮುಚ್ಚಿ ಎರಡು ಪದ ಉಳಿಸಿದ್ದೀರಿ. ಕನ್ನಡದಲ್ಲಿ ಇದು ಬಲು ಸುಲಭ. ಮಕ್ಕಳು ಬೇಗ ಕಲಿತುಬಿಡುತ್ತಾರೆ, ಆಮೇಲೆ ಪಾಠವೇ ವ್ಯರ್ಥ. ಮೂಲಕ್ಕೂ ಉತ್ತರಕ್ಕೂ ಒಂದೇ ಅಳತೆ ಇರಲಿ. ಮೂಲದಲ್ಲಿ ಬಿಡಿಸಿ ಬರೆದದ್ದನ್ನು ಉತ್ತರದಲ್ಲಿ ಅಂಟಿಸಿದರೂ ಎರಡಾಗಿಯೇ ಎಣಿಸಿ, ಇದನ್ನು ಸೂಚನೆಯಲ್ಲೇ ಹಾಕಿ.

ಗೀತಾ:
ನನಗೂ ಇದೇ ಆಗಿತ್ತು! ಸಂಶೋಧನಾ ಲೇಖನದ ಮೊದಲಿಗೆ ಹಾಕುವ ಭಾಗಕ್ಕೆ 200 ಪದದ ಮಿತಿ ಇತ್ತು. ಸಮಾಸ ಮಾಡಿ ಮಾಡಿ ತುರುಕಿದೆ. ಓದೋಕೇ ಆಗಲ್ಲ ಅಂತ ವಾಪಸ್ ಬಂತು. ನೀವೂ ಕೊನೆಗೊಂದು ತೀರ್ಮಾನ ಸೇರಿಸಿ ಸುಮಾ, 'ಆದ್ದರಿಂದ ಮರ ಉಳಿಸಬೇಕು' ಅಂತ. ಇಲ್ಲದಿದ್ದರೆ ಅರ್ಧಕ್ಕೆ ನಿಂತ ಹಾಗಿದೆ.

ಕೇಶವ:
ಅಯ್ಯೋ, ಬೇಡ. ಲೇಖನದ್ದು ಬೇರೆ, ಅಲ್ಲಿ ನಿಮ್ಮ ತೀರ್ಮಾನ ನಿಮ್ಮದೇ. ಇಲ್ಲಿ ಬೇರೆಯವರ ಮಾತು. ಮರ ಉಳಿಸಿ ಅಂತ ಮೂಲದಲ್ಲಿ ಎಲ್ಲೂ ಇಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ನೋಡಿದ್ದೇನೆ. ಮೊದಲ ವಾಕ್ಯವೇ ಮುಖ್ಯ ಅಂದುಕೊಂಡು 'ಮರ ಕಡಿದರೆ ಮಳೆ ಕಡಿಮೆ' ಅಂತ ಬರೆದುಬಿಡುತ್ತಾರೆ. ಅದು ಎಲ್ಲರೂ ಹೇಳುವ ಮಾತು. ಬರೆದವರ ಮಾತು 'ಆದರೆ' ಆದಮೇಲೆ ಶುರುವಾಗುತ್ತೆ. ಗದ್ಯವನ್ನು ಮುಚ್ಚಿಟ್ಟು, ನೆನಪಿನಿಂದ ಒಂದು ವಾಕ್ಯ ಬರೆಸಿ ನೋಡಿ. ಮಳೆಯ ಮಾತು ಬಂದರೆ ಮಗು ತಿರುವನ್ನು ಗಮನಿಸಿಲ್ಲ ಅಂತ ಅರ್ಥ.

ನಾಗರಾಜ:
ಸುಮಾ ಅವರೇ, ನಿಮ್ಮ ಮಾದರಿಯಲ್ಲಿ ಬೇರಿನ ಮಾತೇ ಇಲ್ಲವಲ್ಲ! ಮಣ್ಣು ಯಾಕೆ ಕೊಚ್ಚಿಹೋಗುತ್ತೆ ಅನ್ನೋದು ಅದರಿಂದಲೇ ತಾನೇ?

ಕೇಶವ:
ಒಳ್ಳೆಯ ಮಾತು, ಒಪ್ಪಿದೆ. ಹೀಗಾದರೆ? "ಮರ ಕಡಿದರೆ ಮೊದಲು ಹಾಳಾಗುವುದು ಮಣ್ಣು, ಬೇರಿಲ್ಲದೆ ಕೊಚ್ಚಿ ಹೋಗಿ, ಹೂಳಾಗಿ, ನೀರು ನಿಲ್ಲದು." ಬಿಡಿಸಿ ಎಣಿಸಿದರೂ 12. ಆದರೆ ಕೆರೆ, ಹೊಳೆ ಬಿಟ್ಟುಹೋಯಿತು. ಹೂಳು ಎಲ್ಲಿ ಅನ್ನೋದು ಓದುವವರಿಗೆ ಹೊಳೆಯುತ್ತಾ?

ಗೀತಾ:
ನನಗೆ ಹೊಳೆಯಲಿಲ್ಲ.

ಸುಮಾ:
ಹಾಗಾದರೆ ಮಾದರಿಯನ್ನು ರಾತ್ರಿ ಇನ್ನೊಮ್ಮೆ ನೋಡ್ತೀನಿ, ಆ ಪುಟ ನಾಳೆ ಕೊಟ್ಟರೂ ನಡೆಯುತ್ತೆ ಅಂದಿದ್ದಾರೆ. ತಲೆಬರಹ ಈಗಲೇ ಬೇಕು, 'ಸಂಕ್ಷೇಪ ಬರಹ' ಅಂತ ಕಳಿಸುತ್ತಿದ್ದೇನೆ. ಕೆಳಗೆ 'ಒಟ್ಟು ಪದ' ಅಂತ ಒಂದು ಚೌಕ ಇರುತ್ತೆ.

ನಾಗರಾಜ:
ಮತ್ತೆ ಸಂಸ್ಕೃತಕ್ಕೇ ಹೋದಿರಿ.

ಕೇಶವ:
ಆ ಚೌಕದಲ್ಲಿರುವ 'ಪದ' ಎಲ್ಲಿಂದ ಬಂತು ನಾಗರಾಜರೇ?

ನಾಗರಾಜ:
'ಒರೆ' ಅನ್ನಬಹುದು.

ಕೇಶವ:
ಮಕ್ಕಳು ಕತ್ತಿ ಹುಡುಕುತ್ತಾರೆ.