ಉಪ್ಪಿನಕಾಯಿ, ಮಸಾಲೆ ಪುಡಿಗೆ ಯಾವ ಹೆಸರು? ಮುಂದೆ ಅಂಗಡಿ ಶೆಲ್ಫಿಗೂ ಹೋಗಬೇಕು

ಪ್ರಶ್ನೆ (ಶಿರಸಿಯ ಸದಸ್ಯೆ): ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಸಾಂಬಾರ್ ಪುಡಿ ಮಾಡ್ತೇನೆ. ಸದ್ಯ ವಾಟ್ಸಾಪಲ್ಲಿ ಮಾರಾಟ. ಎರಡು ವರ್ಷದಲ್ಲಿ ಹುಬ್ಬಳ್ಳಿ, ಬೆಂಗಳೂರಿನ ಸೂಪರ್‌ಮಾರ್ಕೆಟಿಗೆ ಕೊಡುವ ಆಸೆ. ‘ಮಲೆನಾಡು ಅಪ್ಪೆಮಿಡಿ’, ‘ಶುದ್ಧ ಮನೆ ಮಸಾಲೆ’, ‘ಅಮ್ಮನ ಕೈರುಚಿ’. ಮೂರರಲ್ಲಿ ಯಾವುದು ಇಡಲಿ?

ಟ್ರೇಡ್‌ಮಾರ್ಕ್ ಏಜೆಂಟ್: ಮೂರೂ ಬೇಡ ಮೇಡಂ. ಕಾರಣ ಒಂದೊಂದಕ್ಕೂ ಬೇರೆ.

‘ಮಲೆನಾಡು ಅಪ್ಪೆಮಿಡಿ’ಯಲ್ಲಿ ಒಂದು ಸೀಮೆ, ಒಂದು ಕಾಯಿ, ಅಷ್ಟೇ ಇದೆ. ಸರಕು ಏನು, ಎಲ್ಲಿಯದು ಎಂದಷ್ಟೇ ಹೇಳುವ ಹೆಸರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ನಿನಡಿ ಆಕ್ಷೇಪ ಬರುತ್ತದೆ. ಜೊತೆಗೆ ಅಪ್ಪೆಮಿಡಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದು ಆ ಭಾಗದ ಬೆಳೆಗಾರರೆಲ್ಲರಿಗೂ ಸೇರಿದ್ದು, ನಿಮ್ಮೊಬ್ಬರ ಬ್ರ್ಯಾಂಡ್ ಆಗುವುದಿಲ್ಲ. ನಾಳೆ ಸಾರಿನ ಪುಡಿಯ ಪೊಟ್ಟಣದ ಮೇಲೆ ‘ಅಪ್ಪೆಮಿಡಿ’ ಅಂತ ಹಾಕೋದು ಹೇಗೆ?

‘ಶುದ್ಧ ಮನೆ ಮಸಾಲೆ’ಯಲ್ಲಿ ತೊಡಕು ಲೇಬಲ್ಲಿನದು. ಆಹಾರದ ಜಾಹೀರಾತು ಮತ್ತು ಕ್ಲೇಮುಗಳ 2018ರ ನಿಯಮದಲ್ಲಿ ಶುದ್ಧ, ಸಹಜ, ತಾಜಾ, ಸಾಂಪ್ರದಾಯಿಕ ಅಂಥ ಮಾತುಗಳಿಗೆ ಷರತ್ತುಗಳಿವೆ. ಅಂಥ ಮಾತು ಬ್ರ್ಯಾಂಡ್ ಹೆಸರಿನಲ್ಲೇ ಇದ್ದು ಗಿರಾಕಿಗೆ ತಪ್ಪು ಅರ್ಥ ಕೊಡುವಂತಿದ್ದರೆ, ‘ಇದು ಬರೀ ಬ್ರ್ಯಾಂಡ್ ಹೆಸರು, ಸರಕಿನ ನಿಜಗುಣವಲ್ಲ’ ಎಂಬ ಸಾಲನ್ನು ಕನಿಷ್ಠ 3 ಮಿ.ಮೀ. ಅಕ್ಷರದಲ್ಲಿ ಮುದ್ರಿಸಬೇಕು. ನಮ್ಮ ಹೆಸರನ್ನು ನಾವೇ ಅಲ್ಲಗಳೆದ ಹಾಗೆ! ‘ಹೋಮ್‌ಮೇಡ್’ ಎಂಬ ಭ್ರಮೆ ಹುಟ್ಟಿಸುವ ಮಾತಿಗೂ ಆ ನಿಯಮದಲ್ಲಿ ತಡೆ ಇದೆ. ಇನ್ನು ‘ಅಮ್ಮನ’ ಎಂದು ಶುರುವಾಗುವ ಹೆಸರು ಉಪ್ಪಿನಕಾಯಿ ಸಾಲಿನಲ್ಲಿ ಎಷ್ಟಿವೆ ಎಂದು ನೀವೇ ಹುಡುಕಿ ನೋಡಿ.

ಸರಕಿಗೆ ಸಂಬಂಧವೇ ಇಲ್ಲದ, ಬಾಯಿಗೆ ಸುಲಭವಾದ ಪದ ಆರಿಸಿ. ಉದಾಹರಣೆಗೆ ‘ಗೀಜಗ’ ಎನ್ನಿ. ಹಕ್ಕಿಗೂ ಉಪ್ಪಿನಕಾಯಿಗೂ ನಂಟಿಲ್ಲ, ಅದಕ್ಕೇ ಹೆಸರು ಗಟ್ಟಿ. ipindia.gov.in ತಾಣದ Public Search ತೆರೆದು, ಸರಕುಗಳನ್ನು ವಿಂಗಡಿಸಿದ ವರ್ಗಗಳಾದ ಕ್ಲಾಸ್ 29 ಮತ್ತು 30 ಎರಡರಲ್ಲೂ ಹುಡುಕಿ. GEEJ, GIJ ಎಂದು ತುಣುಕು ಹಾಕಿ ಒಮ್ಮೆ, Phonetic ಆರಿಸಿ ಇನ್ನೊಮ್ಮೆ. ಪರೀಕ್ಷಕರು ಉಚ್ಚಾರಣೆಯ ಹೋಲಿಕೆಯನ್ನೂ ನೋಡುತ್ತಾರೆ, ಕಾಗುಣಿತ ಬದಲಿಸಿ ಪಾರಾಗಲು ಆಗುವುದಿಲ್ಲ. ನೋಂದಣಿ ಇಲ್ಲದೆ ಮೊದಲಿನಿಂದ ಬಳಸುತ್ತಿರುವವರಿಗೂ ಹಕ್ಕಿದೆ, ಅವರು ಈ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಆನ್‌ಲೈನ್ ಅಂಗಡಿ, ಇನ್‌ಸ್ಟಾಗ್ರಾಂ, ಹುಬ್ಬಳ್ಳಿಯ ಎರಡು ದೊಡ್ಡ ಅಂಗಡಿಯ ಶೆಲ್ಫು ಇಷ್ಟನ್ನೂ ಕಣ್ಣಾರೆ ನೋಡಿ.

ಒಬ್ಬ ಸದಸ್ಯ: ಇಷ್ಟೆಲ್ಲ ಯಾಕೆ? ಉದ್ಯಮ್ ಸರ್ಟಿಫಿಕೇಟು, ಎಫ್‌ಎಸ್‌ಎಸ್‌ಎಐ ಎರಡರಲ್ಲೂ ಹೆಸರು ಬಂದ್ರೆ ಆಯ್ತಲ್ಲ. ಬೇಕಾದ್ರೆ ಕ್ಲಾಸ್ 30ಕ್ಕೆ ಒಂದು ಅರ್ಜಿ ಹಾಕಿದ್ರೆ ಸಾಕು.

ಟ್ರೇಡ್‌ಮಾರ್ಕ್ ಏಜೆಂಟ್: ಎಫ್‌ಎಸ್‌ಎಸ್‌ಎಐ ಬೇಕೇ ಬೇಕು, ಉದ್ಯಮ್ ಕಡ್ಡಾಯವಲ್ಲ. ಎರಡೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಒಂದೇ ಹೆಸರಲ್ಲಿ ಇಬ್ಬರು ಉದ್ಯಮ್ ಮಾಡಿಸಬಹುದು. ಮಸಾಲೆ ಪುಡಿ ಕ್ಲಾಸ್ 30 ಹೌದು, ಉಪ್ಪಿನಕಾಯಿ ಮಾತ್ರ 29. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಕ್ಲಾಸಿಗೆ 4,500 ರೂ., ಎರಡಕ್ಕೆ 9,000. ಇದು ಸರ್ಕಾರಿ ಶುಲ್ಕ ಮಾತ್ರ. ದುಡ್ಡು ಕಮ್ಮಿ ಇದ್ದರೆ ಲೋಗೋ ಬಿಟ್ಟು ಪದವನ್ನಷ್ಟೇ ನೋಂದಾಯಿಸಿ. ಲೋಗೋ ಆಮೇಲೆ ಬದಲಾದರೂ ಪದ ಉಳಿಯುತ್ತದೆ.

ಕುಮಟಾ ಸದಸ್ಯೆ: ನಾವು ಮನೆತನದ ಅಡ್ಡಹೆಸರೇ ಇಟ್ಟಿದ್ದೇವೆ, ‘ಹೆಗಡೆ’ ಅಂತ. ಬೇರೆಯವರು ಇಟ್ಟರೆ ತಡೀಬಹುದಾ?

ಟ್ರೇಡ್‌ಮಾರ್ಕ್ ಏಜೆಂಟ್: ಕಷ್ಟ ಅಕ್ಕ. ಪ್ರಾಮಾಣಿಕವಾಗಿ ತನ್ನದೇ ಹೆಸರು ಬಳಸುವವರನ್ನು ಕಾಯ್ದೆಯ 35ನೇ ಸೆಕ್ಷನ್ ಕಾಯುತ್ತದೆ. ನಿಮ್ಮ ಕಡೆ ಹೆಗಡೆಯವರಿಗೆ ಬರವೇ?

ಸೂಪರ್‌ಮಾರ್ಕೆಟ್ ಖರೀದಿ ನೋಡುವವರು: ನನ್ನದೊಂದು ತಕರಾರು. ಗಿರಾಕಿ ಶೆಲ್ಫಿನಲ್ಲಿ ‘ಅಪ್ಪೆಮಿಡಿ’ ಹುಡುಕ್ತಾನೆ, ಹಕ್ಕಿ ಹುಡುಕಲ್ಲ. ಗೊತ್ತಿಲ್ಲದ ಹೆಸರನ್ನು ಕೈಗೆತ್ತಿಕೊಳ್ಳೋದೇ ಇಲ್ಲ.

ಟ್ರೇಡ್‌ಮಾರ್ಕ್ ಏಜೆಂಟ್: ಅದಕ್ಕೇ ಬ್ರ್ಯಾಂಡಿನ ಕೆಳಗೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ದಪ್ಪಗೆ ಹಾಕಿ ಸರ್. ಆಹಾರದ ಹೆಸರು ಮುಂಭಾಗದಲ್ಲಿ ಹೇಗೂ ಇರಲೇಬೇಕು. 6.5 ಸೆಂ.ಮೀ. ಅಗಲದ ದುಂಡು ಬಾಟಲಿಯನ್ನು ಎದುರಿನಿಂದ ನೋಡಿದರೆ ಲೇಬಲ್ಲಿನ ಏಳು ಸೆಂ.ಮೀ.ನಷ್ಟೇ ಓದಲು ಸಿಗುತ್ತದೆ. ಮೂರು-ನಾಲ್ಕು ಅಕ್ಷರದ ಹೆಸರಾದರೆ ಎರಡಕ್ಕೂ ಜಾಗ ಉಂಟು.

ಸೂಪರ್‌ಮಾರ್ಕೆಟ್ ಖರೀದಿ ನೋಡುವವರು: ಜಾಗದ ಮಾತು ಸರಿ. ಆದರೂ ಮೊದಲ ವರ್ಷ ಅಂಥ ಹೆಸರು ನಿಧಾನವೇ, ನನ್ನ ಅಭಿಪ್ರಾಯ ಬದಲಾಗಿಲ್ಲ.

ಶಿರಸಿಯ ಸದಸ್ಯೆ: ‘ಅಮ್ಮನ ಕೈರುಚಿ’ ಚೀಟಿ ಅಂಟಿಸಿ ಆಗಲೇ ಮಾರ್ತಾ ಇದ್ದೇನೆ ಸರ್. ಹೊಸ ಹೆಸರಿನ ಅರ್ಜಿಯಲ್ಲಿ ಆ ತಾರೀಖು ಬರೆಯಬಹುದಾ?

ಟ್ರೇಡ್‌ಮಾರ್ಕ್ ಏಜೆಂಟ್: ಬರೆಯಬಾರದು. ‘ಇಂಥ ದಿನದಿಂದ ಬಳಕೆಯಲ್ಲಿದೆ’ ಎಂದು ಬರೆಯುವ ತಾರೀಖು ಅದೇ ಹೆಸರಿನದಾಗಿರಬೇಕು, ಅದಕ್ಕೆ ಅಫಿಡವಿಟ್ಟು, ಬಿಲ್ಲು ಕೊಡಬೇಕು. ಹೊಸ ಹೆಸರಲ್ಲಿ ಇನ್ನೂ ಮಾರಿಲ್ಲದಿದ್ದರೆ ‘ಮುಂದೆ ಬಳಸಲಿದ್ದೇವೆ’ ಎಂದೇ ಅರ್ಜಿ ಹಾಕಿ. ಅರ್ಜಿಯ ನಂಬರು ಸಿಕ್ಕ ಮೇಲೆ ಲೇಬಲ್ಲಿಗೆ ™ ಹಾಕಬಹುದು. ® ಮಾತ್ರ ನೋಂದಣಿ ಆಗುವ ತನಕ ಬೇಡ, ಅದು ಅಪರಾಧ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಅಲ್ಲಿಯವರೆಗೆ ಲೇಬಲ್ಲನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಬೇಡಿ.