ಎಲ್ ಎಂದು ಬರೆದ ಕುರ್ತಿ ಎದೆಯಲ್ಲಿ ಬಿಗಿಯಾಗುವುದೇಕೆ?

ಪ್ರಶ್ನೆ: ಕುರ್ತಿ ಮಾರುವವರು, ಕಲಬುರಗಿ
ಶಹಾಬಜಾರಿನ ಮನೆಯಿಂದಲೇ ಹತ್ತಿ ಕುರ್ತಿಗಳನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ಪಟ್ಟಿಯಲ್ಲಿ ‘ಎಂ 38, ಎಲ್ 40, ಎಕ್ಸ್‌ಎಲ್ 42’ ಎಂದು ಹಾಕಿದ್ದೇನೆ. ಕಳೆದ ತಿಂಗಳು ಹನ್ನೆರಡು ಎಲ್ ಕುರ್ತಿಗಳಲ್ಲಿ ಐದು ವಾಪಸ್ ಬಂದವು. ಐದೂ ಜನರು ಹೇಳಿದ್ದು ‘ಎದೆಯಲ್ಲಿ ಬಿಗಿ’ ಎಂದೇ. ನಾನೇ ಟೇಪು ಹಿಡಿದು ನೋಡಿದ್ದೇನೆ, ಸರಿಯಾಗಿ 40 ಇಂಚು ಇದೆ. ತಪ್ಪು ಎಲ್ಲಿದೆ?

ಉತ್ತರ: ಹೊಲಿಗೆ ಮಾಸ್ತರರು, ಕಲಬುರಗಿ
ಅಕ್ಕ, ನಿಮ್ಮ ಟೇಪು ಸುಳ್ಳು ಹೇಳಿಲ್ಲ. 40 ಎಂಬುದು ಬಟ್ಟೆಯ ಅಳತೆಯೋ ಮೈಯ ಅಳತೆಯೋ ಎಂಬುದನ್ನು ಪಟ್ಟಿ ಹೇಳಿಲ್ಲ, ಅಷ್ಟೇ. ಗಿರಾಕಿ ತನ್ನ ಎದೆಗೆ ಟೇಪು ಸುತ್ತಿ 40 ಬಂದರೆ ಎಲ್ ಆರಿಸುತ್ತಾಳೆ. ಬಟ್ಟೆಯೂ 40 ಇದ್ದರೆ ಕೈ ಎತ್ತಲು, ಕೂರಲು, ಉಸಿರೆಳೆಯಲು ಜಾಗವೇ ಉಳಿಯುವುದಿಲ್ಲ. ಹಿಗ್ಗದ ಹತ್ತಿ ಬಟ್ಟೆಯ ನೇರ ಕುರ್ತಿಗೆ ನಾನು ಎದೆಯಲ್ಲಿ ಮೂರು ಇಂಚು ಸಡಿಲು ಬಿಡುತ್ತೇನೆ. ಆ ಲೆಕ್ಕದಲ್ಲಿ ನಿಮ್ಮ ಎಲ್ ಕುರ್ತಿ 37 ಇಂಚಿನ ಮೈಗೆ ಹೊಂದುತ್ತದೆ. 40 ಇಂಚಿನವರಿಗೆ 43 ಇಂಚಿನ ಬಟ್ಟೆ ಬೇಕು.

ಅಳೆಯುವಾಗ ಕುರ್ತಿಯನ್ನು ಗಟ್ಟಿ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ. ಎಳೆಯಬೇಡಿ. ಎರಡೂ ಕಂಕುಳ ಹೊಲಿಗೆಗಳಿಂದ ಒಂದು ಇಂಚು ಕೆಳಗೆ ಅಡ್ಡಲಾಗಿ ಅಳೆದು ಎರಡರಷ್ಟು ಮಾಡಿ. ಪಟ್ಟಿಯಲ್ಲಿ ಎರಡು ಸಾಲು ಇರಲಿ: ‘ನಿಮ್ಮ ಎದೆಸುತ್ತು 36ರಿಂದ 37 ಇಂಚು’ ಎಂದು ಒಂದು, ‘ಕುರ್ತಿಯ ಎದೆಸುತ್ತು 40 ಇಂಚು’ ಎಂದು ಇನ್ನೊಂದು. ಮೊದಲನೆಯದೇ ಮೇಲೆ ಬರಲಿ, ಗಿರಾಕಿ ನೋಡುವುದು ಅದನ್ನೇ.

ಬೀದರಿನ ಸಣ್ಣ ವ್ಯಾಪಾರಿ: ಇಷ್ಟೆಲ್ಲ ಬೇಡ. ‘ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ’ ಎಂದು ನಾನು ಬರೆಯುತ್ತೇನೆ. ಬಿಗಿ ಎಂಬ ದೂರು ನಿಂತೇ ಹೋಗಿದೆ.

ಮಾಸ್ತರರು: ಬಿಗಿ ಎಂಬ ದೂರು ನಿಲ್ಲುತ್ತದೆ, ಅದು ನಿಜ ಅಣ್ಣ. ಆದರೆ ‘ಭುಜ ಜೋತು ಬೀಳುತ್ತದೆ’ ಎಂಬ ದೂರು ಬರುತ್ತಿಲ್ಲವೇ? ಸೈಜು ದೊಡ್ಡದಾದಂತೆ ಎದೆಯ ಜೊತೆಗೆ ಭುಜವೂ ಕಂಕುಳ ಸುತ್ತೂ ದೊಡ್ಡದಾಗುತ್ತವೆ. ತಾವಾಗಿಯೇ ಒಂದು ಸೈಜು ದೊಡ್ಡದು ಆರಿಸುವ ರೂಢಿಯವರು ನಿಮ್ಮ ಮಾತು ಓದಿ ಎರಡು ಸೈಜು ಮೇಲೆ ಹೋಗುತ್ತಾರೆ.

ಬೀದರಿನ ವ್ಯಾಪಾರಿ: ಭುಜದ ದೂರು ಎರಡು ಬಂದಿವೆ. ಆದರೂ ಅಂಕಿ ಓದಿ ಟೇಪು ಹಿಡಿಯುವವರು ನನ್ನ ಗಿರಾಕಿಗಳಲ್ಲಿ ಬಹಳ ಕಡಿಮೆ.

ಮಾಸ್ತರರು: ಅದಕ್ಕೆ ಒಂದು ಉಪಾಯವಿದೆ. ‘ನಿಮಗೆ ಸರಿಯಾಗಿ ಹೊಂದುವ ಹಳೆಯ ಕುರ್ತಿಯನ್ನು ಹಾಸಿ ಅಳೆಯಿರಿ, ನಮ್ಮ ಬಟ್ಟೆಯ ಅಳತೆಯೊಂದಿಗೆ ಹೋಲಿಸಿ’ ಎಂದು ಬರೆಯಿರಿ. ಮೈಗೆ ತಾವೇ ಟೇಪು ಸುತ್ತಿಕೊಂಡು ತಪ್ಪುವವರೂ ಇದರಲ್ಲಿ ತಪ್ಪುವುದು ಕಡಿಮೆ.

ಯಾದಗಿರಿಯ ಒಬ್ಬರು: ನನ್ನ ಅತ್ತಿಗೆ ತಂದ ರೆಡಿಮೇಡ್ ಬ್ಲೌಸು ಭುಜದಿಂದ ಜಾರುತ್ತದೆ. ಅದಕ್ಕೂ ಈ ಮೂರು ಇಂಚಿನ ಲೆಕ್ಕವೇ ಕಾರಣವೇ?

ಮಾಸ್ತರರು: ಇಲ್ಲ ತಂಗಿ, ಬ್ಲೌಸು ಮೈಗೆ ಅಂಟಿಕೊಂಡೇ ಕೂರಬೇಕಾದದ್ದು, ಅದಕ್ಕೆ ಕುರ್ತಿಯ ಲೆಕ್ಕ ಹಿಡಿಸುವುದಿಲ್ಲ. ಜಾರುತ್ತಿದ್ದರೆ ಹೆಚ್ಚಾಗಿ ಕೊರಳು ಅಗಲವಾಗಿರುತ್ತದೆ. ಹತ್ತಿರದ ಟೇಲರಿಗೆ ಹಾಕಿಕೊಂಡೇ ತೋರಿಸಲಿ.

ಪ್ರಶ್ನೆ ಕೇಳಿದವರು: ನೀವು ಹೇಳಿದಂತೆ ಉಳಿದಿರುವ ಎಲ್ ಕುರ್ತಿಗಳನ್ನು ಹಾಸಿ ಅಳೆದೆ. ಕೆಲವು 20 ಇಂಚು, ಎರಡು ಹತ್ತೊಂಬತ್ತೂವರೆ, ಒಂದು ಇಪ್ಪತ್ತೂವರೆ. ಒಂದೇ ಕಟ್ಟಿನಲ್ಲಿ ಬಂದ ಮಾಲು ಇದು!

ಮಾಸ್ತರರು: ಹಾಸಿದಾಗ ಅರ್ಧ ಇಂಚು ಕಂಡರೆ ಸುತ್ತಿನಲ್ಲಿ ಅದು ಒಂದು ಇಂಚು. ನಿಮ್ಮ ಎಲ್ ಒಳಗೇ 39ರಿಂದ 41ರವರೆಗೆ ಇದೆ. ಹತ್ತೊಂಬತ್ತೂವರೆಯವನ್ನು ಬೇರೆ ಇಡಿ, ಆ ಚೀಟಿಗೆ ಬೇರೆ ಅಳತೆ ಬರೆಯಿರಿ. ಒಳಗಿನ ಹೊಲಿಗೆಯಲ್ಲಿ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಹಿಗ್ಗಿಸಲೂ ಬಹುದು. ಇನ್ನೊಂದು ಮಾತು: ಒಂದು ಕುರ್ತಿಯನ್ನು ಒಗೆದು ಒಣಗಿಸಿ ಮತ್ತೆ ಅಳೆಯಿರಿ. ತೊಳೆಯದೆ ಹೊಲಿದ ಹತ್ತಿ ನೂರಕ್ಕೆ ಮೂರರಷ್ಟು ಕುಗ್ಗಿದರೂ 40 ಇದ್ದದ್ದು 39ಕ್ಕೂ ಕೆಳಗೆ ಇಳಿಯುತ್ತದೆ. ಆಗ ಪಟ್ಟಿಯಲ್ಲಿ ಒಗೆದ ನಂತರದ ಅಳತೆಯನ್ನೇ ಹಾಕಬೇಕು.

ಬೀದರಿನ ವ್ಯಾಪಾರಿ: ಒಗೆದ ಅಳತೆ ಹಾಕಿದರೆ ಹೊಸ ಬಟ್ಟೆ ಹಾಕಿ ನೋಡಿದವರು ‘ಸಡಿಲು’ ಎಂದು ವಾಪಸ್ ಕಳಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು: ಇವತ್ತೇ ಒಂದನ್ನು ನೆನೆಸಿದ್ದೇನೆ ಮಾಸ್ತರರೇ. ನಾಳೆ ಒಣಗಿದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.